ರೆಂಡರನ್ನ ಪಾಸ್‌ಗಳಾಗಿ ಒಡೆದು ಕಂಪೋಸಿಟರ್‌ನಲ್ಲೇ ಬಣ್ಣ ಸರಿ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಲ್ಲಿ ಮನೆ ವಾಕ್‌ಥ್ರೂ ಮಾಡ್ಕೊಡೋ ಕೆಲಸ ನಂದು. ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದಲೂ ಹುಡುಗ್ರು ಫೋನ್ ಮಾಡಿ ಇದೇ ಪ್ರಶ್ನೆಗಳನ್ನ ಕೇಳ್ತಾ ಇರ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದೀನಿ. ಎಲ್ಲಾ ಉತ್ತರಕ್ಕೂ ಒಂದೇ ಕೆಲಸದ ಉದಾಹರಣೆ ತಗೊಂಡಿದೀನಿ: ಒಂದು ಹಳೇ ಕಾಲದ ಶೈಲಿಯ ಹಾಲ್, ಪಾಲಿಶ್ ಮಾಡಿದ ರೆಡ್ ಆಕ್ಸೈಡ್ ನೆಲ, ಹಳದಿ ಗೋಡೆ, ಎಡಗಡೆ ಕಿಟಕಿಯಿಂದ ಬಿಸಿಲು, ಮೂಲೇಲಿ ದೇವರ ಮನೆ, ಅದರೊಳಗೊಂದು ದೀಪ. 8 ಸೆಕೆಂಡ್ ಶಾಟ್, 24 ಎಫ್‌ಪಿಎಸ್, ಅಂದ್ರೆ 192 ಫ್ರೇಮ್. ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಫ್ರೇಮಿಗೆ 5 ನಿಮಿಷ, ಒಟ್ಟು 16 ಗಂಟೆ. ಪೂರ್ತಿ ಆದ್ಮೇಲೆ ಮನೆಯವರು ನೋಡಿ ಹೇಳಿದ್ದು ಎರಡೇ ಮಾತು: "ದೀಪದ ಬೆಳಕು ತುಂಬಾ ಕಿತ್ತಳೆ ಆಯ್ತು, ಗೋಡೆ ಹಳದಿ ಸ್ವಲ್ಪ ತಿಳಿಯಾಗ್ಲಿ." ಇಷ್ಟಕ್ಕೆ ಮತ್ತೆ 16 ಗಂಟೆ ರೆಂಡರ್ ಮಾಡದೆ ಕಂಪೋಸಿಟರ್‌ನಲ್ಲೇ, ಅಂದ್ರೆ ರೆಂಡರ್ ಆದ ಚಿತ್ರವನ್ನ ನೋಡ್‌ಗಳಿಂದ ತಿದ್ದೋ ಕಡೆಯಲ್ಲೇ, ಸರಿ ಮಾಡಿದ್ದು ಹೇಗೆ ಅನ್ನೋದೇ ಕೆಳಗಿರೋದು.

ಪಾಸ್ ಅಂದ್ರೆ ನಿಜವಾಗ್ಲೂ ಏನು? ಲೇಯರ್ ಥರಾನಾ?

ಲೇಯರ್ ಅಲ್ಲ. ಲೇಯರ್ ಅಂದ್ರೆ ಒಂದರ ಮೇಲೊಂದು ಇಟ್ಟ ಚಿತ್ರ, ಮೇಲಿಂದು ಕೆಳಗಿಂದನ್ನ ಮುಚ್ಚುತ್ತೆ. ಪಾಸ್ ಅಂದ್ರೆ ಒಂದೇ ಪಿಕ್ಸೆಲ್‌ಗೆ ಬಂದ ಬೆಳಕಿನ ಲೆಕ್ಕವನ್ನ ಬಿಡಿಬಿಡಿಯಾಗಿ ಬರೆದಿಡೋದು. ಅಂಗಡಿ ಬಿಲ್ಲಲ್ಲಿ ಅಕ್ಕಿಗೆಷ್ಟು ಬೇಳೆಗೆಷ್ಟು ಅಂತ ಸಾಲು ಸಾಲಾಗಿ ಇದ್ರೆ ಯಾವುದಾದ್ರೂ ಒಂದನ್ನ ತಿದ್ದಿ ಮತ್ತೆ ಟೋಟಲ್ ಹಾಕ್ಬೋದಲ್ವಾ, ಹಂಗೆ. ಬರೀ ಟೋಟಲ್ ಮಾತ್ರ ಇದ್ರೆ ಯಾವುದರಿಂದ ಎಷ್ಟು ಬಂತು ಅಂತ ಬಿಡಿಸೋಕೆ ಆಗಲ್ಲ.

ಸೈಕಲ್ಸ್‌ನಲ್ಲಿ ಈ ಲೆಕ್ಕ ಹೀಗಿದೆ:

```
Combined = (DiffDir + DiffInd) * DiffCol
         + (GlossDir + GlossInd) * GlossCol
         + (TransDir + TransInd) * TransCol
         + VolumeDir + VolumeInd
         + Emit + Env
```

ಡಿಫ್ಯೂಸ್ ಅಂದ್ರೆ ಮ್ಯಾಟ್ ಮೇಲ್ಮೈ, ಗ್ಲಾಸಿ ಅಂದ್ರೆ ಹೊಳಪು, ಟ್ರಾನ್ಸ್‌ಮಿಷನ್ ಅಂದ್ರೆ ಗಾಜಿನ ಮೂಲಕ ಬಂದಿದ್ದು. ಡೈರೆಕ್ಟ್ ಅಂದ್ರೆ ಬೆಳಕಿನ ಮೂಲದಿಂದ ನೇರ ಬಿದ್ದ ಬೆಳಕು, ಇನ್‌ಡೈರೆಕ್ಟ್ ಅಂದ್ರೆ ಬೇರೆ ಗೋಡೆಗೋ ನೆಲಕ್ಕೋ ತಗುಲಿ ಚಿಮ್ಮಿ ಬಂದಿದ್ದು, ಕಲರ್ ಅಂದ್ರೆ ಬೆಳಕಿನ ಲೆಕ್ಕವೇ ಇಲ್ದೆ ಬರೀ ಪೇಂಟಿನ ಬಣ್ಣ. ನಿಮ್ಮ ವರ್ಶನ್‌ನಲ್ಲಿ ಹೆಸರು ಉದ್ದಕ್ಕೆ `Diffuse Direct` ಅಂತ ಇರ್ಬೋದು, ವಿಷಯ ಅದೇ.

ಒಡೆದಿದ್ದು ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಬಣ್ಣ ಮುಟ್ಟೋಕೆ ಮುಂಚೆ ಇದನ್ನ ಮಾಡ್ಲೇಬೇಕು, ಇದನ್ನ ಬಿಟ್ಟು ಮುಂದೆ ಹೋದವರೇ ಆಮೇಲೆ "ನನ್ನ ಕಿಟಕಿ ಕಪ್ಪಾಯ್ತು" ಅಂತ ಫೋನ್ ಮಾಡೋದು. ಮೇಲಿನ ಲೆಕ್ಕದಂತೆ `Mix` ನೋಡ್‌ಗಳನ್ನ `Add`, `Multiply` ಮಾಡಿ ಜೋಡಿಸಿ, ಕ್ಲ್ಯಾಂಪ್ ಟಿಕ್ ಎಲ್ಲೂ ಇರ್ಬಾರ್ದು. ಕೊನೇಲಿ ಬಂದದ್ದನ್ನ `Combined` ಜೊತೆ `Difference` ಮೋಡ್‌ನಲ್ಲಿ ಹಾಕಿ 100ರಿಂದ ಗುಣಿಸಿ. ಚಿತ್ರ ಪೂರ್ತಿ ಕಪ್ಪು ಬಂದ್ರೆ ಲೆಕ್ಕ ಸರಿ. ಕಪ್ಪು ಬರ್ಲಿಲ್ಲ ಅಂದ್ರೆ ಉಳಿದ ಆಕಾರವೇ ಏನು ಬಿಟ್ಟಿದೀರ ಅಂತ ಹೇಳುತ್ತೆ: ಕಿಟಕಿ ಆಚೆ ಆಕಾಶ ಉಳಿದ್ರೆ ಎನ್ವಿರಾನ್ಮೆಂಟ್ ಸೇರಿಸಿಲ್ಲ, ದೀಪದ ಕುಡಿ ಮಾತ್ರ ಉಳಿದ್ರೆ ಎಮಿಷನ್ ಸೇರಿಸಿಲ್ಲ, ಗಾಜು ಉಳಿದ್ರೆ ಟ್ರಾನ್ಸ್‌ಮಿಷನ್.

ಇಡೀ ಚಿತ್ರದಲ್ಲಿ ಸಣ್ಣ ಕಾಳು ಕಾಳಾಗಿ ಉಳಿದ್ರೆ ಅದು ಪಾಸ್ ತಪ್ಪಿದ್ದಲ್ಲ, ಡಿನಾಯ್ಸ್‌ದು. ರೆಂಡರ್ ಸೆಟ್ಟಿಂಗ್‌ನಲ್ಲಿ ಡಿನಾಯ್ಸ್ ಆನ್ ಇದ್ರೆ ಸೈಕಲ್ಸ್ `Combined` ಅನ್ನ ಮಾತ್ರ ಕ್ಲೀನ್ ಮಾಡುತ್ತೆ, ಒಳಗಿನ ಪಾಸ್‌ಗಳು ನಾಯ್ಸ್ ಸಮೇತ ಹಂಗೇ ಇರ್ತವೆ. ಹಾಗಾಗಿ ಈ ಕೆಲಸಕ್ಕೆ ರೆಂಡರ್ ಡಿನಾಯ್ಸ್ ಆಫ್ ಮಾಡಿ, `Denoising Data` ಟಿಕ್ ಹಾಕಿ, ಕಂಪೋಸಿಟರ್‌ನಲ್ಲಿ `Denoise` ನೋಡ್ ಹಾಕೊಳ್ಳಿ. ಡೈರೆಕ್ಟ್ ಮತ್ತೆ ಇನ್‌ಡೈರೆಕ್ಟ್ ಕೂಡಿಸಿದ ಮೇಲೆ ಡಿನಾಯ್ಸ್, ಅದಾದ್ಮೇಲೆ ಕಲರ್ ಪಾಸ್‌ನಿಂದ ಗುಣಾಕಾರ. ಈ ಕ್ರಮದಲ್ಲಿ ಮಾಡಿದ್ರೆ ಗೋಡೆ ಟೆಕ್ಸ್ಚರ್ ಕಲಸಿ ಹೋಗಲ್ಲ, ಯಾಕಂದ್ರೆ ಟೆಕ್ಸ್ಚರ್ ಇರೋದು ಕಲರ್ ಪಾಸ್‌ನಲ್ಲಿ, ಅದನ್ನ ಡಿನಾಯ್ಸರ್ ಮುಟ್ಟಿರೋದೇ ಇಲ್ಲ.

ದೀಪದ ಬಣ್ಣ ಬದಲಾಯಿಸೋಕೆ ಈ ಪಾಸ್‌ಗಳು ಸಾಕಾ?

ಸಾಕಾಗಲ್ಲ. `DiffDir` ಒಳಗೆ ಬಿಸಿಲೂ ಇದೆ, ದೀಪವೂ ಇದೆ, ಎರಡೂ ಬೆರೆತು ಹೋಗಿದೆ. ಅದಕ್ಕೆ ಬೇಕಾಗಿರೋದು ಲೈಟ್ ಗ್ರೂಪ್, ಬ್ಲೆಂಡರ್ 3.2ರಲ್ಲಿ ಬಂತು. ವ್ಯೂ ಲೇಯರ್‌ನ ಪಾಸ್‌ಗಳ ಕೆಳಗೆ ಗ್ರೂಪ್ ಹೆಸರು ಸೇರಿಸಿ, ಪ್ರತಿ ಲೈಟಿಗೂ ಅದರ ಆಬ್ಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಗ್ರೂಪ್ ಕೊಡಿ. ನಾನು ಮೂರು ಮಾಡಿದ್ದೆ: `bisilu`, `deepa`, `akasha`. ಆಕಾಶ ಅಂದ್ರೆ ವರ್ಲ್ಡ್, ಅದಕ್ಕೆ ಗ್ರೂಪ್ ಕೊಡೋದು ವರ್ಲ್ಡ್ ಪ್ರಾಪರ್ಟೀಸ್‌ನಲ್ಲಿ, ಎಲ್ಲರೂ ಮರೆಯೋದು ಇದನ್ನೇ. ಆಮೇಲೆ ಎಮಿಷನ್ ಮೆಟೀರಿಯಲ್ ಹಾಕಿದ ಮೆಶ್ ಇದ್ರೆ ಅದೂ ಬೆಳಕು ಕೊಡ್ತಿದೆ, ಅದಕ್ಕೂ ಗ್ರೂಪ್ ಬೇಕು, ದೀಪದ ಕುಡಿ ನಂದು ಹಂಗೇ ಮಾಡಿದ್ದು.

ರೆಂಡರ್ ಆದ್ಮೇಲೆ `Combined_deepa` ಅಂತೆಲ್ಲಾ ಪಾಸ್ ಬರುತ್ತೆ. ಮೂರನ್ನೂ ಕೂಡಿದ್ರೆ ಪೂರ್ತಿ ಚಿತ್ರ ವಾಪಸ್ ಬರ್ಬೇಕು. ಅದೇ ಡಿಫರೆನ್ಸ್ ಪರೀಕ್ಷೆ ಇಲ್ಲೂ ಮಾಡಿ.

ಈಗ ದೇವರ ಮನೆ ಹೊಸ್ತಿಲ ಮುಂದಿನ ನೆಲದ ಒಂದು ಪಿಕ್ಸೆಲ್ ತಗೊಳ್ಳೋಣ. ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ ದೀಪದಿಂದ ಬಂದದ್ದು 0.30, 0.12, 0.03. ಬಿಸಿಲಿಂದ 0.10, 0.09, 0.08. ಆಕಾಶದಿಂದ 0.05, 0.06, 0.08. ಕೂಡಿದ್ರೆ 0.45, 0.27, 0.19, ಒಳ್ಳೇ ಕಿತ್ತಳೆ. ದೀಪದ ಗ್ರೂಪ್ ಅನ್ನ ಮಾತ್ರ 0.8, 1.0, 1.6ರಿಂದ ಗುಣಿಸಿದ್ರೆ ಅದು 0.24, 0.12, 0.048 ಆಗುತ್ತೆ, ಟೋಟಲ್ 0.39, 0.27, 0.208. ಕಿತ್ತಳೆ ತಗ್ಗಿತು, ಬಿಸಿಲಿನ ಪಾಲು ಒಂದು ಚೂರೂ ಬದಲಾಗ್ಲಿಲ್ಲ. ಇದೇ ಗುಣಾಕಾರನ ಪೂರ್ತಿ ಚಿತ್ರಕ್ಕೆ ಹಾಕಿದ್ದಿದ್ರೆ ಕಿಟಕಿಯೆಲ್ಲಾ ನೀಲಿ ಹೊಡೀತಿತ್ತು.

ಇದು ಸುಮಾರಾಗಿ ಸರಿ ಅನ್ನೋ ಥರದ್ದಲ್ಲ, ದೀಪದ ಬಣ್ಣ ಬದಲಾಯಿಸಿ ಮತ್ತೆ ರೆಂಡರ್ ಮಾಡಿದ್ರೆ ಏನು ಬರ್ತಿತ್ತೋ ಅದೇ ಬರುತ್ತೆ. ಬೆಳಕು ಒಂದಕ್ಕೊಂದು ಕೂಡಿಕೊಳ್ಳುತ್ತೆ ಅಷ್ಟೇ, ಒಂದು ದೀಪ ಇನ್ನೊಂದರ ಬೆಳಕನ್ನ ಬದಲಾಯಿಸಲ್ಲ, ಮತ್ತೆ ಸೈಕಲ್ಸ್ ಕೆಂಪು ಹಸಿರು ನೀಲಿ ಮೂರನ್ನೂ ಬೇರೆ ಬೇರೆಯಾಗೇ ಲೆಕ್ಕ ಹಾಕೋದು. ದೀಪದಿಂದ ಹೊರಟು ನೆಲಕ್ಕೆ ತಗುಲಿ ಗೋಡೆಗೆ ಚಿಮ್ಮಿದ ಬೆಳಕೂ `deepa` ಗ್ರೂಪ್ ಒಳಗೇ ಇದೆ, ಅದಕ್ಕೇ ಅದೂ ತಾನಾಗೇ ಸರಿಹೋಗುತ್ತೆ. ಇನ್‌ಡೈರೆಕ್ಟ್ ಕ್ಲ್ಯಾಂಪ್ ಆನ್ ಇದ್ರೆ ತೀರಾ ಹೊಳೆಯೋ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರ್ಬೋದು.

ಗುಣಾಕಾರ ಮಾತ್ರ ಯಾಕೆ? ಕರ್ವ್ಸ್, ಕಾಂಟ್ರಾಸ್ಟ್ ಹಾಕ್ಬಾರ್ದಾ?

ಹಾಕಿ, ಆದ್ರೆ ಎಲ್ಲಾ ಕೂಡಿದ ಮೇಲೆ. ಒಂದು ಗ್ರೂಪ್‌ಗೆ ಮಾತ್ರ ಗಾಮಾ ಅಥವಾ ಕರ್ವ್ ಹಾಕಿದ್ರೆ ಆ ದೀಪ ಹತ್ತಿರದಲ್ಲಿ ಒಂದು ಥರ, ದೂರದಲ್ಲಿ ಇನ್ನೊಂದು ಥರ ವರ್ತಿಸುತ್ತೆ, ಬೆಳಕು ದೂರ ಹೋದಂಗೆ ಕುಗ್ಗೋ ರೀತಿಯೇ ಕೆಟ್ಟುಹೋಗುತ್ತೆ. ನೋಡಿದವರಿಗೆ ಏನು ತಪ್ಪು ಅಂತ ಹೇಳೋಕೆ ಬರಲ್ಲ, ಆದ್ರೆ ದೀಪ ಅಂಟಿಸಿದಂಗಿದೆ ಅಂತಾರೆ.

ಗೋಡೆ ಬಣ್ಣನೂ ಇಷ್ಟೇ ಸುಲಭನಾ?

ಇಲ್ಲ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದೀಪ ಅನ್ನೋದು ಬೆಳಕಿನ ಮೂಲ, ಒಂದೇ ಸಲ ಲೆಕ್ಕಕ್ಕೆ ಬರುತ್ತೆ. ಗೋಡೆ ಬಣ್ಣ ಹಾಗಲ್ಲ, ಬೆಳಕು ಎಷ್ಟು ಸಲ ಆ ಗೋಡೆಗೆ ತಗುಲುತ್ತೋ ಅಷ್ಟು ಸಲ ಲೆಕ್ಕಕ್ಕೆ ಬರುತ್ತೆ. ಕಂಪೋಸಿಟರ್‌ನಲ್ಲಿ ನಿಮ್ಮ ಕೈಗೆ ಸಿಗೋದು ಕೊನೇ ಸಲದ್ದು ಮಾತ್ರ, ಅಂದ್ರೆ ಗೋಡೆಯಿಂದ ನೇರ ಕ್ಯಾಮೆರಾಗೆ ಬಂದದ್ದು.

ಅದನ್ನ ಬದಲಾಯಿಸೋದು ಹೀಗೆ. ಮೊದಲು ಗೋಡೆಯನ್ನ ಮಾತ್ರ ಹಿಡಿಯೋಕೆ ಕ್ರಿಪ್ಟೋಮ್ಯಾಟ್ ಬೇಕು, ವ್ಯೂ ಲೇಯರ್‌ನಲ್ಲಿ ಮೆಟೀರಿಯಲ್ ಕ್ರಿಪ್ಟೋಮ್ಯಾಟ್ ಟಿಕ್ ಹಾಕಿದ್ರೆ ಕಂಪೋಸಿಟರ್‌ನಲ್ಲಿ ಪಿಕ್ ಮಾಡಿ ಗೋಡೆ ಮೇಲೆ ಒತ್ತಿದ್ರೆ ಮ್ಯಾಟ್, ಅಂದ್ರೆ ಗೋಡೆಯ ಮಾಸ್ಕ್, ಸಿಗುತ್ತೆ, ಅಂಚು ನಯವಾಗಿ, ಮೋಷನ್ ಬ್ಲರ್ ಸಮೇತ. ನನ್ನ ಗೋಡೆಯ `DiffCol` 0.80, 0.58, 0.25 ಇತ್ತು. ಬೇಕಾಗಿದ್ದು 0.78, 0.66, 0.42. ಹೊಸದನ್ನ ಹಳೇದರಿಂದ ಭಾಗಿಸಿದ್ರೆ 0.975, 1.138, 1.68. ಈ ಸಂಖ್ಯೆಯಿಂದ ಗೋಡೆಯ `DiffCol` ಅನ್ನ ಗುಣಿಸಿ, ಕ್ರಿಪ್ಟೋ ಮ್ಯಾಟ್ ಅನ್ನ ಫ್ಯಾಕ್ಟರ್‌ಗೆ ಕೊಟ್ಟೆ. ಗೋಡೆ ಮೇಲೆ ಬಿದ್ದ ಬೆಳಕು 0.50, 0.48, 0.40 ಇದ್ದ ಜಾಗದಲ್ಲಿ ಮುಂಚೆ 0.40, 0.278, 0.10 ಬರ್ತಿದ್ದದ್ದು ಈಗ 0.39, 0.317, 0.168 ಬಂತು. ಹೊಳಪು ಬೇರೆ ಪಾಸ್‌ನಲ್ಲಿರೋದ್ರಿಂದ ಅದಕ್ಕೆ ಬಣ್ಣ ಮೆತ್ತಿಕೊಳ್ಳಲ್ಲ.

ಹೊಸ ಬಣ್ಣವನ್ನ ನೇರವಾಗಿ ತುಂಬದೆ ಗುಣಿಸೋದು ಯಾಕೆ ಅಂದ್ರೆ, ಸುಣ್ಣದ ಗೋಡೆಯಲ್ಲಿರೋ ಸಣ್ಣ ಸಣ್ಣ ಏರಿಳಿತ ಉಳಿಯುತ್ತೆ. ಆದ್ರೆ ಹಳೇ ಬಣ್ಣದಲ್ಲಿ ಯಾವುದಾದ್ರೂ ಚಾನೆಲ್ ಸೊನ್ನೆ ಇದ್ರೆ ಗುಣಿಸಿ ಏನೂ ಬರಲ್ಲ, ಆಗ ತುಂಬಲೇಬೇಕು.

ಹಾಗಾದ್ರೆ ಎಲ್ಲಿ ಸಿಕ್ಕಿಬೀಳ್ತೀವಿ?

ನಂಗೆ ಎರಡು ಕಡೆ ಸಿಕ್ತು. ಒಂದು ಸೀಲಿಂಗ್ ಮೂಲೆ: ಗೋಡೆ ತಿಳಿಯಾಗಿದೆ, ಆದ್ರೆ ಅದರ ಪಕ್ಕದ ಬಿಳಿ ಸೀಲಿಂಗ್ ಮೇಲೆ ಹಳೇ ಗಾಢ ಹಳದಿಯ ಛಾಯೆ ಹಂಗೇ ಕೂತಿದೆ. ಅದು ಹಳೇ ಗೋಡೆಯಿಂದ ಚಿಮ್ಮಿದ ಬೆಳಕು, ಸೀಲಿಂಗಿನ `DiffInd` ಒಳಗಿದೆ. ಇನ್ನೊಂದು ನೆಲ. ರೆಡ್ ಆಕ್ಸೈಡ್ ನೆಲಕ್ಕೆ ಪಾಲಿಶ್ ಇದ್ರೆ ಕನ್ನಡಿ ಥರ ಗೋಡೆ ತಲೆಕೆಳಗಾಗಿ ಕಾಣುತ್ತಲ್ವಾ, ಆ ಪ್ರತಿಬಿಂಬದಲ್ಲಿ ಗೋಡೆ ಇನ್ನೂ ಹಳೇ ಹಳದಿ! ಮೊದಲ ಸಲ ಕಳಿಸಿದಾಗ ನಾನು ಗಮನಿಸಿರ್ಲಿಲ್ಲ, ಮನೆಯ ಅಜ್ಜಿ ಟಿವಿ ಹತ್ರ ಹೋಗಿ ನೆಲದ ಕಡೆ ಬೆರಳು ತೋರಿಸಿ "ಇದ್ಯಾಕಪ್ಪಾ ಇಲ್ಲಿ ಬೇರೆ ಗೋಡೆ ಕಾಣ್ತದೆ" ಅಂದ್ರು. ಅವತ್ತಿಂದ ಬಣ್ಣ ಬದಲಾಯಿಸಿದ ವಸ್ತು ಎಲ್ಲೆಲ್ಲಿ ಪ್ರತಿಬಿಂಬ ಆಗುತ್ತೆ ಅಂತ ಮೊದಲು ಹುಡುಕ್ತೀನಿ. ಕ್ರಿಪ್ಟೋಮ್ಯಾಟ್ ಪ್ರತಿಬಿಂಬದ ಗೋಡೆಯನ್ನ ಗೋಡೆ ಅಂತ ಗುರುತಿಸಲ್ಲ, ಅದಕ್ಕೆ ಅದು ನೆಲ. ಗಾಜಿನ ಬಾಗಿಲ ಹಿಂದಿನ ಗೋಡೆನೂ ಅಷ್ಟೇ, ಅದಕ್ಕೆ ಅದು ಗಾಜು.

ಸರಿ ಮಾಡಿದ್ದು ಹೀಗೆ: ಸೀಲಿಂಗಿನ ಕ್ರಿಪ್ಟೋ ಮ್ಯಾಟ್ ತಗೊಂಡು ಅದರ `DiffInd` ಅನ್ನ ಮಾತ್ರ ಅದೇ ಅನುಪಾತದ ಕಡೆಗೆ ಅರ್ಧದಷ್ಟು ಎಳೆದೆ. ಪೂರ್ತಿ ಎಳೀಬಾರ್ದು, ಯಾಕಂದ್ರೆ ಸೀಲಿಂಗಿಗೆ ಚಿಮ್ಮಿದ್ದೆಲ್ಲಾ ಗೋಡೆಯಿಂದಲೇ ಬಂದದ್ದಲ್ಲ, ಕೆಂಪು ನೆಲದ್ದೂ ಇದೆ. ನೆಲಕ್ಕೆ, ಗೋಡೆಯ ಪ್ರತಿಬಿಂಬ ಬೀಳೋ ಪಟ್ಟಿಗೆ ಕೈಯಲ್ಲಿ ಮಾಸ್ಕ್ ಬರೆದು, ನೆಲದ ಕ್ರಿಪ್ಟೋ ಜೊತೆ ಗುಣಿಸಿ, ಅಲ್ಲಿ `GlossInd` ಮಾತ್ರ ಗೋಡೆಯ ಅನುಪಾತದಿಂದ ಗುಣಿಸಿದೆ. ಕ್ಯಾಮೆರಾ ನಿಧಾನಕ್ಕೆ ಮುಂದೆ ಹೋಗೋ ಶಾಟ್ ಆದ್ದರಿಂದ ಮಾಸ್ಕಿಗೆ ನಾಲ್ಕು ಕೀಫ್ರೇಮ್ ಸಾಕಾಯ್ತು.

ದೀಪನೂ ಗೋಡೆನೂ ಒಟ್ಟಿಗೆ ಬದಲಾಯಿಸ್ಬೇಕು, ಎರಡು ಲೆಕ್ಕ ಹೇಗೆ ಸೇರಿಸೋದು?

ಇದು ಒಳ್ಳೇ ಪ್ರಶ್ನೆ, ಯಾಕಂದ್ರೆ ಲೈಟ್ ಗ್ರೂಪ್ ಒಳಗೆ ಡಿಫ್ಯೂಸ್, ಗ್ಲಾಸಿ ಅಂತ ಮತ್ತೆ ಒಡೆದು ಸಿಗಲ್ಲ. ಮೊದಲು ಲೈಟ್ ಗ್ರೂಪ್‌ಗಳನ್ನ ತಿದ್ದಿ ಕೂಡಿ, ಆ ಮೊತ್ತವನ್ನ ಗೋಡೆಯ ಮ್ಯಾಟ್ ಇರೋ ಕಡೆ ಗೋಡೆಯ ಅನುಪಾತದಿಂದ ಗುಣಿಸಿ. ಹೊಳಪಿಗೂ ಸ್ವಲ್ಪ ಬಣ್ಣ ಮೆತ್ತುತ್ತೆ, ಆದ್ರೆ ಮ್ಯಾಟ್ ಪೇಂಟ್ ಗೋಡೆಯಲ್ಲಿ ಹೊಳಪು ತೀರಾ ಕಮ್ಮಿ, ಕಣ್ಣಿಗೆ ಕಾಣಲ್ಲ. ಎನಾಮಲ್ ಹೊಡೆದ ಬಾಗಿಲಿಗೆ ಇದೇ ಉಪಾಯ ಮಾಡಿದ್ರೆ ಕಾಣುತ್ತೆ. ಸೀಲಿಂಗು, ನೆಲದ ತಿದ್ದುಪಡಿಗೆ `DiffInd`, `GlossInd`ನ ತಿದ್ದಿದ್ದರಿಂದ ಮೂಲವನ್ನ `Subtract` ಮೋಡ್‌ನಲ್ಲಿ ಕಳೆದು ಉಳಿದದ್ದನ್ನ ಅದರದರ ಕಲರ್ ಪಾಸ್‌ನಿಂದ ಗುಣಿಸಿ ಕೊನೇಲಿ ಕೂಡಿಸಿದ್ರಾಯ್ತು.

ಫೈಲ್ ಯಾವುದರಲ್ಲಿ ಸೇವ್ ಮಾಡ್ಬೇಕು? ಪಿಎನ್‌ಜಿ ಆಗಲ್ವಾ?

ಆಗಲ್ಲ. ಮೇಲೆ ಹೇಳಿದ ಕೂಡೋದು ಗುಣಿಸೋದು ಎಲ್ಲಾ ನಡೆಯೋದು ಲೀನಿಯರ್ ಸಂಖ್ಯೆಗಳ ಮೇಲೆ. ಪಿಎನ್‌ಜಿಗೆ ಹೋಗುವಾಗ ವ್ಯೂ ಟ್ರಾನ್ಸ್‌ಫಾರ್ಮ್, ಬ್ಲೆಂಡರ್ 4.0ರಿಂದ ಡೀಫಾಲ್ಟ್ ಆಗಿರೋ ಏಜಿಎಕ್ಸ್, ಸೇರಿಕೊಂಡು ಬಿಡುತ್ತೆ, 1ಕ್ಕಿಂತ ಮೇಲಿನ ಬೆಳಕೆಲ್ಲಾ ಅದುಮಿ ಹೋಗುತ್ತೆ. ಆ ಪಿಎನ್‌ಜಿಯನ್ನ ಮತ್ತೆ ಕಂಪೋಸಿಟರಿಗೆ ತಂದ್ರೆ ಎರಡು ಸಲ ಟ್ರಾನ್ಸ್‌ಫಾರ್ಮ್ ಆಗಿ ಚಿತ್ರ ಬೂದು ಬೂದಾಗಿ ಕಾಣುತ್ತೆ, ಗುರುತು ಅದೇ.

ಮಲ್ಟಿಲೇಯರ್ ಇಎಕ್ಸ್‌ಆರ್ ಹಾಕಿ, 32 ಬಿಟ್ ಫ್ಲೋಟ್, ಕಂಪ್ರೆಷನ್ ಜಿಪ್. ಡಿಡಬ್ಲ್ಯೂಎಎ ಥರದ್ದು ಫೈಲ್ ಸಣ್ಣ ಮಾಡುತ್ತೆ ಆದ್ರೆ ಸಂಖ್ಯೆಯನ್ನ ಒಂಚೂರು ಬದಲಾಯಿಸುತ್ತೆ, ಕ್ರಿಪ್ಟೋಮ್ಯಾಟ್‌ನಲ್ಲಿ ಸಂಖ್ಯೆಯೇ ವಸ್ತುವಿನ ಗುರುತು ಆದ್ದರಿಂದ ಅದು ಒಂಚೂರು ಬದಲಾದ್ರೂ ಮ್ಯಾಟ್ ಸಿಗಲ್ಲ, ಸಿಕ್ಕರೂ ತೂತು ತೂತು. ಕ್ರಿಪ್ಟೋ ಪಾಸ್‌ಗೆ ಡಿನಾಯ್ಸ್, ಬ್ಲರ್, ಸ್ಕೇಲ್ ಏನೂ ಮಾಡ್ಬಾರ್ದು, ಕಾರಣ ಇದೇ. ಜಾಗ ಮಾತ್ರ ಬೇಕು: 1920×1080ರ ಒಂದು ಚಾನೆಲ್ 32 ಬಿಟ್‌ನಲ್ಲಿ ಸುಮಾರು 8.3 ಎಂಬಿ, 30 ಚಾನೆಲ್ ಅಂದ್ರೆ ಫ್ರೇಮಿಗೆ 250 ಎಂಬಿ, 192 ಫ್ರೇಮಿಗೆ 48 ಜಿಬಿ. ಜಿಪ್ ಆದ್ಮೇಲೆ ಕಮ್ಮಿಯಾಗುತ್ತೆ, ಆದ್ರೂ ಬೇಕಿಲ್ಲದ ಪಾಸ್ ಟಿಕ್ ಹಾಕ್ಬೇಡಿ.

ರಾತ್ರಿ ರೆಂಡರಿಗೆ ಇಟ್ಟಾಗ ಕರೆಂಟ್ ಹೋದ್ರೆ?

ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ `Overwrite` ಟಿಕ್ ತೆಗೆದಿಡಿ. ಕರೆಂಟ್ ಬಂದ್ಮೇಲೆ ಫೋಲ್ಡರ್‌ನಲ್ಲಿ ಕೊನೇ ಫೈಲ್ ಅರ್ಧಂಬರ್ಧ ಬರೆದಿರ್ಬೋದು, ಅದನ್ನ ಡಿಲೀಟ್ ಮಾಡಿ ಇದೇ ಕಮಾಂಡ್ ಮತ್ತೆ ಕೊಟ್ರೆ ಆಗಿರೋ ಫ್ರೇಮ್ ಬಿಟ್ಟು ಮುಂದುವರಿಯುತ್ತೆ:

```
blender -b mane.blend -o //exr/mane_#### -F OPEN_EXR_MULTILAYER -s 1 -e 192 -a
```

ದೀಪದ ಬೆಳಕು ನಾಲ್ಕು ಪಟ್ಟು ಜಾಸ್ತಿ ಮಾಡಿದೆ, ಕಾಳು ಕಾಳು ಬಂತು. ಯಾಕೆ?

ಬೆಳಕಿನ ಜೊತೆ ಅದರ ನಾಯ್ಸೂ ನಾಲ್ಕು ಪಟ್ಟಾಯ್ತು. ಸೈಕಲ್ಸ್ ಲೈಟ್ ಗ್ರೂಪ್‌ಗಳನ್ನೂ ಡಿನಾಯ್ಸ್ ಮಾಡಲ್ಲ, ಪ್ರತಿ ಗ್ರೂಪ್‌ಗೂ ನೀವೇ ನೋಡ್ ಹಾಕ್ಬೇಕು, ಗುಣಿಸೋಕೆ ಮುಂಚೆ. ರೆಂಡರಿಗೆ ಇಡೋ ಮುಂಚೆ ಒಂದು ಫ್ರೇಮ್ ತೆಗೆದು ಆ ಗ್ರೂಪ್ ಒಂದನ್ನೇ ನೋಡಿ, ಎಕ್ಸ್‌ಪೋಶರ್ 2 ಏರಿಸಿ. 2 ಅಂದ್ರೆ ಸರಿಯಾಗಿ ನಾಲ್ಕು ಪಟ್ಟು, ಅಲ್ಲಿ ಚೆನ್ನಾಗಿ ಕಂಡ್ರೆ ಆಮೇಲೆ ತೊಂದರೆ ಇಲ್ಲ.

ಶೇಡ್ ಕಾರ್ಡ್‌ನ ಹೆಕ್ಸ್ ಕೋಡ್ ಹಾಕಿದೀನಿ, ಸ್ಕ್ರೀನ್ ಮೇಲೆ ಅದೇ ಬಣ್ಣ ಬರ್ತಿಲ್ಲ.

ಬರಲ್ಲ, ಬರ್ಲೂಬಾರ್ದು. ಹೆಕ್ಸ್ ಹಾಕಿದಾಗ ಬ್ಲೆಂಡರ್ ಅದನ್ನ ಲೀನಿಯರ್‌ಗೆ ಬದಲಾಯಿಸಿ ಪೇಂಟಿನ ಬಣ್ಣವಾಗಿ ತಗೊಳ್ಳುತ್ತೆ, ಆಮೇಲೆ ಅದರ ಮೇಲೆ ನಿಮ್ಮ ಬಿಸಿಲು ಬೀಳುತ್ತೆ, ಆಮೇಲೆ ಏಜಿಎಕ್ಸ್ ಅದನ್ನ ಸ್ಕ್ರೀನಿಗೆ ಹೊಂದಿಸುತ್ತೆ. ನಿಜವಾದ ಗೋಡೆನೂ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಕಾಣಲ್ವಾ.

ಯಾವಾಗ ಇದೆಲ್ಲಾ ಬಿಟ್ಟು ಮತ್ತೆ ರೆಂಡರ್ ಮಾಡ್ಬೇಕು?

ದೀಪದ ಜಾಗ ಸರಿಸ್ಬೇಕು, ನೆರಳು ಮೆತ್ತಗಾಗ್ಬೇಕು, ನೆಲದ ಪ್ರತಿಬಿಂಬ ಮಸುಕಾಗ್ಬೇಕು ಅಂದ್ರೆ ಕಂಪೋಸಿಟರ್ ಕೈಲಿ ಆಗಲ್ಲ, ಯಾಕಂದ್ರೆ ಬೆಳಕು ಓಡಾಡಿದ ದಾರಿಯೇ ಬೇರೆ ಆಗುತ್ತೆ. ಗೋಡೆ ಹಳದಿಯಿಂದ ಗಾಢ ನೀಲಿಗೆ ಹೋಗ್ಬೇಕು ಅಂದ್ರೂ ಅಷ್ಟೇ, ಚಿಮ್ಮಿದ ಬೆಳಕನ್ನ ಎಲ್ಲಾ ಕಡೆ ಬೆನ್ನಟ್ಟಿ ತಿದ್ದೋಷ್ಟರಲ್ಲಿ ರೆಂಡರೇ ಮುಗಿದಿರುತ್ತೆ.

ನಡುವಿನದ್ದಕ್ಕೆ ನಾನು ಮಾಡೋದು ಇಷ್ಟು. ಸೀನ್‌ನಲ್ಲಿ ನಿಜವಾಗ್ಲೂ ಬಣ್ಣ ಬದಲಾಯಿಸಿ ಶಾಟ್ ಮಧ್ಯದ ಒಂದೇ ಫ್ರೇಮ್, ನನ್ನ ಕೇಸ್‌ನಲ್ಲಿ 96ನೇದು, ರೆಂಡರ್ ಮಾಡ್ತೀನಿ, 5 ನಿಮಿಷ. ಅದನ್ನ ಕಂಪೋಸಿಟರ್‌ನಲ್ಲಿ ತಿದ್ದಿದ 96ರ ಜೊತೆ ಹಾಕಿ ಹಿಂದೆ ಮುಂದೆ ಬದಲಾಯಿಸಿ ನೋಡ್ತೀನಿ. ಈ ಹಾಲ್‌ನಲ್ಲಿ ಗೋಡೆ ಒಂದೇ ಥರ ಬಂತು, ದೀಪ ಒಂದೇ ಥರ ಬಂತು, ನೆಲದ ಪ್ರತಿಬಿಂಬ ಮಾಸ್ಕ್ ಆದ್ಮೇಲೆ ಸರಿಹೋಯ್ತು. ಸೀಲಿಂಗ್ ಮೂಲೆಯಲ್ಲಿ ಮಾತ್ರ ನಂದು ಇನ್ನೂ ಒಂಚೂರು ಹಳದಿ ಇತ್ತು, ಅರ್ಧ ಎಳೆದಿದ್ದನ್ನ ಮುಕ್ಕಾಲಿಗೆ ತಂದೆ, ಆಗ ಯಾವುದು ರೆಂಡರ್ ಯಾವುದು ತಿದ್ದಿದ್ದು ಅಂತ ಪಕ್ಕದಲ್ಲಿ ಕೂತ ಹುಡುಗನಿಗೆ ಹೇಳೋಕೆ ಆಗ್ಲಿಲ್ಲ. ಅವತ್ತೇ ಸಂಜೆ 192 ಫ್ರೇಮೂ ಕಂಪೋಸಿಟರ್‌ನಿಂದ ಹೊರಗೆ ಬಂತು.